ಎಂಟು ಮೀಟರ್ ಮುಂದೆ ಓಡುವ ಕಾಣದ ಕಾರು

ಬಸವಕಲ್ಯಾಣದ ಮಗ್ಗುಲಲ್ಲೇ ಇರುವ ನಾರಾಯಣಪುರದಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಶಿವಾಲಯವಿದೆ. ಅಲ್ಲಿಂದ ಹೊರಟು ಸಸ್ತಾಪುರ ಬಂಗ್ಲಾದ ಬಳಿ ಪುಣೆ–ಹೈದರಾಬಾದ್ ಹೆದ್ದಾರಿ ಸೇರಿ ಹುಮನಾಬಾದಿನ ಕಡೆ ತಿರುಗಿದರೆ ಮುಂದಿನದು ನಾಲ್ಕು ಪಥಗಳ ರಸ್ತೆ. ಬೀದರ್ ಜಿಲ್ಲೆಯ ಈ ಭಾಗ ಸಮುದ್ರಮಟ್ಟಕ್ಕಿಂತ 600 ಮೀಟರಿಗೂ ಮೇಲಿರುವ ಪ್ರಸ್ಥಭೂಮಿ. ಮಲೆನಾಡಿನ ಘಟ್ಟಗಳನ್ನು ಕಂಡವರಿಗೆ ಇದು ಬರೀ ಬಯಲು. ಕ್ರೂಸ್ ಕಂಟ್ರೋಲ್ ಇರುವ ಕಾರಿನವರು ಗಂಟೆಗೆ 90 ಕಿಲೋಮೀಟರಿಗೆ ಗುಂಡಿ ಒತ್ತಿ, ಆಕ್ಸಿಲರೇಟರಿನಿಂದ ಕಾಲು ತೆಗೆಯುವುದು ಇಂಥ ರಸ್ತೆಯಲ್ಲೇ.

ಆದರೆ ಕಣ್ಣಿಗೆ ಬಯಲಾಗಿ ಕಾಣುವ ನೆಲ ಎಂಜಿನ್ನಿಗೆ ಬಯಲಲ್ಲ. ಹಳ್ಳಕ್ಕೆ ಇಳಿದು ದಿಬ್ಬಕ್ಕೆ ಏರುವ ಸಣ್ಣ ಸಣ್ಣ ಏರಿಳಿತಗಳು ದಖ್ಖನ್ನಿನ ರಸ್ತೆಗಳ ಉದ್ದಕ್ಕೂ ಇವೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡ ಬಯಲು ಮತ್ತು ಏರಿಳಿತದ ನೆಲದ ರಸ್ತೆಗಳಿಗೆ ಸಾಮಾನ್ಯ ಮಿತಿಯೆಂದು ಬಹುಕಾಲದಿಂದ ಹೇಳುತ್ತ ಬಂದಿರುವುದು ಮೂವತ್ತಕ್ಕೊಂದರ ಏರನ್ನು, ಅಂದರೆ 30 ಮೀಟರ್ ಮುಂದೆ ಹೋದಾಗ 1 ಮೀಟರ್ ಮೇಲೇರುವ ರಸ್ತೆಯನ್ನು. ಅನಿವಾರ್ಯವಾದ ಕಡೆ ಇಪ್ಪತ್ತಕ್ಕೊಂದರವರೆಗೂ ಹೋಗಬಹುದು. ಮೂವತ್ತಕ್ಕೊಂದರ ಏರನ್ನು ಕಾರಿನಲ್ಲಿ ಕುಳಿತವರು ಗಮನಿಸುವುದೇ ಅಪರೂಪ. ಕ್ರೂಸ್ ಕಂಟ್ರೋಲಿನ ಯೋಗ್ಯತೆ ತಿಳಿಯುವುದು ಮಾತ್ರ ಅಲ್ಲಿಯೇ.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಈ ಸಾಧನವನ್ನು ಸಾಮಾನ್ಯವಾಗಿ ಬೇರೆ ರೀತಿಯಲ್ಲಿ ಪರೀಕ್ಷಿಸುತ್ತಾರೆ. ನಿಂತ ಕಾರಿಗೆ ಒಂದು ವೇಗದ ಗುರಿ ಕೊಟ್ಟು, ಅದು ಎಷ್ಟು ಬೇಗ ಗುರಿ ಮುಟ್ಟುತ್ತದೆ, ಮುಟ್ಟುವಾಗ ಎಷ್ಟು ಮೀರುತ್ತದೆ ಎಂಬ ನಕ್ಷೆ ಬರೆಸುತ್ತಾರೆ. ಆ ನಕ್ಷೆ ಸೊಗಸಾಗಿ ಬಂದರೆ ವಿನ್ಯಾಸ ಮುಗಿಯಿತು. ರಸ್ತೆಯ ಮೇಲೆ ಗುರಿ ಬದಲಾಗುವುದು ಯಾವಾಗಲೋ ಒಮ್ಮೆ. ನೆಲದ ಏರಿಳಿತ ಬದಲಾಗುವುದು ಕ್ಷಣಕ್ಷಣಕ್ಕೆ. ಹಾಗಾಗಿ ಕ್ರೂಸ್ ಕಂಟ್ರೋಲನ್ನು ಏರಿಗಾಗಿ ವಿನ್ಯಾಸ ಮಾಡಬೇಕು, ಗುರಿ ಬದಲಾವಣೆಯನ್ನು ಬೇರೆ ಉಪಾಯದಿಂದ ನಿಭಾಯಿಸಬೇಕು ಎಂಬುದು ಈ ಲೇಖನದ ವಾದ. ಎರಡನ್ನೂ ಒಂದೇ ನಕ್ಷೆಯಿಂದ ಅಳೆಯಲು ಹೋದರೆ ಮೊದಲನೆಯದು ಕೆಡುತ್ತದೆ. ಹೇಗೆಂದು ನೋಡಲು ಒಂದು ಕಾರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಜನರೂ ಸೇರಿ 1300 ಕಿಲೋಗ್ರಾಂ ತೂಗುವ ಮಧ್ಯಮ ಗಾತ್ರದ ಪೆಟ್ರೋಲ್ ಕಾರು ಇರಲಿ. ಅದು ಓಡುವಾಗ ಅದರ ಮೇಲೆ ನಾಲ್ಕು ಬಲಗಳು ಕೆಲಸ ಮಾಡುತ್ತವೆ. ಚಕ್ರದ ಮೂಲಕ ಎಂಜಿನ್ ಮುಂದಕ್ಕೆ ತಳ್ಳುವುದು ಒಂದು. ಗಾಳಿ, ಟೈರಿನ ಉರುಳು ತಡೆ, ಏರು ಇವು ಮೂರೂ ಹಿಂದಕ್ಕೆ ಎಳೆಯುವಂಥವು. ಬರೆದರೆ ಇಷ್ಟೇ:

m·dv/dt = F − ½ρCdA·v² − Cr·m·g − m·g·sinθ

ಗಾಳಿಯ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ದುಪ್ಪಟ್ಟಾದರೆ ಎಳೆತ ನಾಲ್ಕು ಪಟ್ಟು. ಬೀದರ್ ಪ್ರಸ್ಥಭೂಮಿಯ ಎತ್ತರದಲ್ಲಿ, ಬಿಸಿಲು ಹೊತ್ತಿನಲ್ಲಿ, ಗಾಳಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 1.1 ಕಿಲೋಗ್ರಾಂ. ಕಾರಿನ ಎಳೆತದ ಗುಣಾಂಕವನ್ನೂ ಮುಂಭಾಗದ ವಿಸ್ತೀರ್ಣವನ್ನೂ ಗುಣಿಸಿದರೆ 0.7 ಚದರ ಮೀಟರ್ ಎಂದು ಹಿಡಿಯೋಣ. ಗಂಟೆಗೆ 90 ಕಿಲೋಮೀಟರ್ ಎಂದರೆ ಸೆಕೆಂಡಿಗೆ 25 ಮೀಟರ್. ಆ ವೇಗದಲ್ಲಿ ಗಾಳಿಯ ಎಳೆತ ಸುಮಾರು 241 ನ್ಯೂಟನ್. ಉರುಳು ತಡೆಯ ಗುಣಾಂಕ 0.012 ಆದರೆ ಟೈರುಗಳು ಇನ್ನೊಂದು 153 ನ್ಯೂಟನ್ ಕೇಳುತ್ತವೆ. ಒಟ್ಟು 394. ಸಪಾಟು ರಸ್ತೆಯಲ್ಲಿ 90ರ ವೇಗ ಕಾಪಾಡಲು ಎಂಜಿನ್ನಿಗೆ ಬೇಕಾದ ಬಲ ಇಷ್ಟೆ. ಶಕ್ತಿಯ ಲೆಕ್ಕದಲ್ಲಿ 10 ಕಿಲೋವ್ಯಾಟಿಗೂ ತುಸು ಕಡಿಮೆ.

ಈಗ ಮೂವತ್ತಕ್ಕೊಂದರ ಏರು ಬರಲಿ. ಕಾರಿನ ತೂಕದ ಮೂವತ್ತನೇ ಒಂದು ಪಾಲು, ಅಂದರೆ 425 ನ್ಯೂಟನ್, ಹಿಂದಕ್ಕೆ ಎಳೆಯುತ್ತದೆ. ಗಾಳಿ ಮತ್ತು ಟೈರು ಎರಡೂ ಸೇರಿ ಎಳೆಯುವುದಕ್ಕಿಂತ ಇದು ಹೆಚ್ಚು. ಕಣ್ಣು ಗಮನಿಸದ ಏರೊಂದು ಎಂಜಿನ್ನಿನ ಕೆಲಸವನ್ನು ಎರಡು ಪಟ್ಟಿಗಿಂತ ಹೆಚ್ಚು ಮಾಡುತ್ತದೆ. ಬಲವನ್ನು 394 ನ್ಯೂಟನ್ನಿಗೇ ಬಿಟ್ಟರೆ ಮೊದಲ 10 ಸೆಕೆಂಡಿನಲ್ಲೇ ವೇಗ ಸುಮಾರು 11 ಕಿಲೋಮೀಟರ್ ಇಳಿಯುತ್ತದೆ, ಮತ್ತು ಇಳಿಯುತ್ತಲೇ ಹೋಗುತ್ತದೆ. ವೇಗ ಇಳಿದಾಗ ಗಾಳಿಯ ಎಳೆತವೂ ಇಳಿದು ಕಾರನ್ನು ಕಾಪಾಡುತ್ತದಲ್ಲ ಎನ್ನಬಹುದು. 90ರ ಆಸುಪಾಸಿನಲ್ಲಿ ಆ ನೆರವು ವೇಗ ಸೆಕೆಂಡಿಗೆ 1 ಮೀಟರ್ ಇಳಿದರೆ ಬರೀ 19 ನ್ಯೂಟನ್. 1300 ಕಿಲೋಗ್ರಾಂ ಕಾರಿಗೆ ಇದು ಏನೇನೂ ಅಲ್ಲ. ಅದೊಂದನ್ನೇ ನಂಬಿದರೆ ಕಾರು ಹೊಸ ಸ್ಥಿತಿಗೆ ಹೊಂದಿಕೊಳ್ಳುವ ಕಾಲಮಾನ ಒಂದು ನಿಮಿಷಕ್ಕೂ ಹೆಚ್ಚು. ಏರು ಅಷ್ಟು ಹೊತ್ತು ಕಾಯುವುದಿಲ್ಲ.

ಹಾಗಿದ್ದರೆ ವೇಗ ಎಷ್ಟು ಕಡಿಮೆಯಾಗಿದೆಯೋ ಅದಕ್ಕೆ ತಕ್ಕಷ್ಟು ಬಲ ಹೆಚ್ಚಿಸಿದರೆ ಸಾಕಲ್ಲವೇ? ಇದೇ ಅನುಪಾತ ನಿಯಂತ್ರಣ. ಬಾವಿಯ ದಂಡೆಯ ಡೀಸೆಲ್ ಪಂಪ್‌ಸೆಟ್ಟಿನ ಗವರ್ನರ್ ಮಾಡುವುದು ಇದನ್ನೇ: ತಿರುಗುವ ತೂಕಗಳು ವೇಗ ಇಳಿದಾಗ ಒಳಸರಿದು ಡೀಸೆಲನ್ನು ಹೆಚ್ಚು ಬಿಡುತ್ತವೆ. ಹೊರೆ ಬಿದ್ದ ಪಂಪ್‌ಸೆಟ್ಟಿನ ಸದ್ದು ತುಸು ತಗ್ಗಿ, ಆ ತಗ್ಗಿದ ವೇಗದಲ್ಲೇ ನಿಲ್ಲುವುದನ್ನು ರೈತರೆಲ್ಲ ಬಲ್ಲರು. ಅದು ಕೆಟ್ಟ ಗವರ್ನರಿನ ಲಕ್ಷಣವಲ್ಲ, ಆ ತತ್ವದ ಲಕ್ಷಣ. ವೇಗ ಪೂರ್ತಿ ಮೊದಲಿನಂತಾದರೆ ಹೆಚ್ಚುವರಿ ಡೀಸೆಲ್ ಬರಲು ಕಾರಣವೇ ಉಳಿಯುವುದಿಲ್ಲ. ಆದ್ದರಿಂದ ಒಂದಿಷ್ಟು ಕೊರತೆ ಉಳಿಯಲೇಬೇಕು.

ಕಾರಿಗೂ ಹಾಗೆಯೇ. ಸೆಕೆಂಡಿಗೆ 1 ಮೀಟರ್ ಕೊರತೆಗೆ 500 ನ್ಯೂಟನ್ ಕೊಡುವ ಅನುಪಾತ ನಿಯಂತ್ರಕ ಇಟ್ಟರೆ ಮೂವತ್ತಕ್ಕೊಂದರ ಏರಿನಲ್ಲಿ ಕಾರು ಗಂಟೆಗೆ ಸುಮಾರು 3 ಕಿಲೋಮೀಟರ್ ಕಡಿಮೆಗೆ, 87ಕ್ಕೆ ಬಂದು ನಿಲ್ಲುತ್ತದೆ. ಏರು ಮುಗಿಯುವವರೆಗೂ ಅಲ್ಲಿಯೇ. ಕೊರತೆಯನ್ನು ಕಡಿಮೆ ಮಾಡಲು ಅನುಪಾತವನ್ನು ಹದಿನೈದು ಪಟ್ಟು ಹೆಚ್ಚಿಸಿದರೆ ಇನ್ನೊಂದು ತೊಂದರೆ ಎದುರಾಗುತ್ತದೆ: ವೇಗದ ಅಳತೆಯಲ್ಲಿ ಗಂಟೆಗೆ 0.3 ಕಿಲೋಮೀಟರಿನಷ್ಟು ನಡುಕವಿದ್ದರೂ ಅದು 600 ನ್ಯೂಟನ್ನಿಗೂ ಹೆಚ್ಚಿನ ಜಗ್ಗಾಟವಾಗಿ ಪ್ರಯಾಣಿಕರ ಬೆನ್ನಿಗೆ ತಟ್ಟುತ್ತದೆ.

ಜೇಮ್ಸ್ ವಾಟ್ ಉಗಿಯಂತ್ರಕ್ಕೆ ಗವರ್ನರ್ ಜೋಡಿಸಿದ್ದು 1788ರಲ್ಲಿ. ಅದರ ಗಣಿತವನ್ನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಬರೆದದ್ದು 1868ರಲ್ಲಿ. ಹೊರೆ ಬದಲಾದರೆ ವೇಗವೂ ತುಸು ಬದಲಾಗುವ ಯಂತ್ರಗಳನ್ನು ಒಂದು ಗುಂಪಿಗೂ, ಹೊರೆ ಎಷ್ಟೇ ಬದಲಾದರೂ ಕೊನೆಗೆ ಅದೇ ವೇಗಕ್ಕೆ ಮರಳುವಂಥವನ್ನು ಇನ್ನೊಂದು ಗುಂಪಿಗೂ ಆತ ಆ ಪ್ರಬಂಧದಲ್ಲೇ ಬೇರ್ಪಡಿಸಿದ. ಎರಡನೆಯ ಗುಂಪಿನಲ್ಲಿ ಹೆಚ್ಚಿಗೆ ಇದ್ದದ್ದು ಕೊರತೆಯನ್ನು ಕೂಡಿಸಿಡುವ ಒಂದು ಭಾಗ. ಕಾರಿಗೆ ವೇಗ ಕಾಯುವ ಸಾಧನ ಬರಲು ಇನ್ನೂ ಬಹಳ ಕಾಲ ಹಿಡಿಯಿತು. ಬಾಲ್ಯದಲ್ಲೇ ಕಣ್ಣು ಕಳೆದುಕೊಂಡ ಅಮೆರಿಕದ ಎಂಜಿನಿಯರ್ ರಾಲ್ಫ್ ಟೀಟರ್ 1950ರಲ್ಲಿ ಪಡೆದ ಪೇಟೆಂಟಿನಿಂದ ಹುಟ್ಟಿದ ಕ್ರೂಸ್ ಕಂಟ್ರೋಲ್ 1958ರ ಕ್ರೈಸ್ಲರ್ ಕಾರುಗಳಲ್ಲಿ ಮಾರುಕಟ್ಟೆಗೆ ಬಂತು. ಅದೂ ತಿರುಗುವ ತೂಕಗಳ ಯಂತ್ರವೇ.

ಕೂಡಿಸಿಡುವ ಭಾಗಕ್ಕೆ ಪಠ್ಯಪುಸ್ತಕದ ಹೆಸರು ಅನುಕಲ. ಅನುಪಾತ, ಅನುಕಲ ಎರಡೂ ಸೇರಿದ್ದು ಪಿ.ಐ. ನಿಯಂತ್ರಕ. ಗುರಿಗಿಂತ ವೇಗ ಎಷ್ಟು ಕಡಿಮೆಯಿದೆ ಎಂಬುದು e ಆದರೆ,

F = kp·e + ki·∫e dt

ಈ ಎರಡನೆಯ ಪದದಲ್ಲಿ ಒಂದು ಸುಂದರವಾದ ಭೌತಿಕ ಅರ್ಥ ಅಡಗಿದೆ, ಪಾಠ ಹೇಳುವಾಗ ಅದು ಹೆಚ್ಚಾಗಿ ಕಳೆದುಹೋಗುತ್ತದೆ. ವೇಗದ ಕೊರತೆಯನ್ನು ಕಾಲದೊಂದಿಗೆ ಕೂಡಿಸುತ್ತ ಹೋದರೆ ಬರುವುದು ದೂರ. ಅಂದರೆ, ಪಕ್ಕದ ಪಥದಲ್ಲಿ ಸದಾ ಸರಿಯಾಗಿ 90ರ ವೇಗದಲ್ಲಿ ಓಡುವ, ಕಣ್ಣಿಗೆ ಕಾಣದ ಒಂದು ಕಾರಿದೆ ಎಂದುಕೊಂಡರೆ, ನಮ್ಮ ಕಾರು ಅದರಿಂದ ಎಷ್ಟು ಮೀಟರ್ ಹಿಂದೆ ಬಿದ್ದಿದೆ ಎಂಬುದೇ ಅನುಕಲ. ki ಎಂಬುದು ಆ ಎರಡು ಕಾರುಗಳ ನಡುವೆ ಕಟ್ಟಿದ ಸ್ಪ್ರಿಂಗಿನ ಬಿಗಿ. kp ಎಂಬುದು ಸ್ಪ್ರಿಂಗ್ ಕುಣಿಯದಂತೆ ತಡೆಯುವ ಡ್ಯಾಂಪರ್. ಇದು ಬರೀ ಅಲಂಕಾರವಲ್ಲ. ಸಮೀಕರಣ ಬರೆದರೆ ಎರಡೂ ಅಕ್ಷರಶಃ ಒಂದೇ. ಗುಂಡಿ ಒತ್ತಿದ ಕ್ಷಣದಲ್ಲಿ ಸಪಾಟು ರಸ್ತೆಗೆ ಬೇಕಾದ 394 ನ್ಯೂಟನ್ನನ್ನು ನಿಯಂತ್ರಕ ಮೊದಲೇ ತುಂಬಿಕೊಂಡಿರುತ್ತದೆ. ಆಮೇಲಿನ ಹೆಚ್ಚುಕಡಿಮೆಯೆಲ್ಲ ಸ್ಪ್ರಿಂಗ್ ಮತ್ತು ಡ್ಯಾಂಪರಿನ ಪಾಲು.

ಈ ಚಿತ್ರ ಕೈಯಲ್ಲಿದ್ದರೆ ವಿನ್ಯಾಸ ಸರಳ. ತೂಕ ಮತ್ತು ಸ್ಪ್ರಿಂಗ್ ಸೇರಿದ ವ್ಯವಸ್ಥೆಗೆ ಒಂದು ಸಹಜ ಆವೃತ್ತಿ ಇರುತ್ತದೆ. ಅದನ್ನು ಸೆಕೆಂಡಿಗೆ 0.2 ರೇಡಿಯನ್ ಎಂದು ಆಯ್ದುಕೊಳ್ಳೋಣ. ಸ್ಪ್ರಿಂಗಿನ ಬಿಗಿ ಎಂದರೆ ತೂಕಕ್ಕೆ ಆವೃತ್ತಿಯ ವರ್ಗವನ್ನು ಗುಣಿಸಿದ್ದು: 1300 × 0.04, ಅಂದರೆ ಪ್ರತಿ ಮೀಟರಿಗೆ 52 ನ್ಯೂಟನ್. ಒಂದಿಷ್ಟೂ ಕುಣಿಯದೆ ನೆಲೆಗೆ ಬರಬೇಕಾದರೆ ಒಟ್ಟು ತಡೆ 2 × 0.2 × 1300, ಅಂದರೆ 520 ಇರಬೇಕು. ಗಾಳಿ ತಾನಾಗಿ ಕೊಡುವ 19ನ್ನು ಕಳೆದರೆ kp ಸುಮಾರು 500. ಗಾಳಿಯ ಪಾಲು ಎಷ್ಟು ಚಿಕ್ಕದು ಎಂಬುದು ಇಲ್ಲಿ ಗೊತ್ತಾಗುತ್ತದೆ. ಎಳೆತದ ವಕ್ರರೇಖೆಯನ್ನು 90ರ ಬಳಿ ನೇರಗೆರೆ ಎಂದು ಹಿಡಿದದ್ದರಿಂದ ಆಗುವ ತಪ್ಪೂ ಅಷ್ಟೇ ಚಿಕ್ಕದು. ಅದೇ ಅಂಕಿಗಳು 70ಕ್ಕೂ 100ಕ್ಕೂ ಸಲ್ಲುತ್ತವೆ.

ಕಾರು ಏರಿಗೆ ಬಿದ್ದಾಗ ಏನಾಗುತ್ತದೆ? ಮೊದಲ ಕ್ಷಣದಲ್ಲಿ ನಿಯಂತ್ರಕಕ್ಕೆ ಏರಿನ ಸುಳಿವೇ ಇಲ್ಲ. ಅದು ನೋಡುವುದು ವೇಗವನ್ನು ಮಾತ್ರ. ವೇಗ ಇಳಿಯತೊಡಗುತ್ತದೆ, ಇಳಿದಂತೆ ಡ್ಯಾಂಪರ್ ಬಲ ಕೂಡಿಸುತ್ತದೆ, ಕಾಣದ ಕಾರು ಮುಂದೆ ಸರಿದಂತೆ ಸ್ಪ್ರಿಂಗ್ ಎಳೆಯುತ್ತದೆ. ಲೆಕ್ಕದ ಪ್ರಕಾರ ಐದನೇ ಸೆಕೆಂಡಿಗೆ ವೇಗ ಅತಿ ಕಡಿಮೆಯಾಗುತ್ತದೆ: ಗಂಟೆಗೆ 2.2 ಕಿಲೋಮೀಟರ್ ಕೊರತೆ, ಅಂದರೆ 87.8. ಅಲ್ಲಿಂದ ಮೇಲೇರಿ 25ನೇ ಸೆಕೆಂಡಿನ ಹೊತ್ತಿಗೆ ಕೊರತೆ 0.2ಕ್ಕೆ ಇಳಿದಿರುತ್ತದೆ. ಏರು ಇನ್ನೂ ಮುಗಿದಿಲ್ಲ, ಆದರೆ ವೇಗ 90. ಏರನ್ನು ಯಾರೂ ಅಳೆಯಲಿಲ್ಲ. ಆದರೂ 425 ನ್ಯೂಟನ್ ಎಂಬ ಉತ್ತರ ನಿಯಂತ್ರಕದೊಳಗೆ ತಾನಾಗಿ ಬಂದು ಕೂತಿದೆ.

ಎಷ್ಟು ಹಿಂದೆ ಬಿದ್ದೆವು? ವೇಗ ಮತ್ತೆ 90 ಆದಾಗ ಡ್ಯಾಂಪರಿಗೆ ಕೆಲಸವಿಲ್ಲ. ಏರಿನ 425 ನ್ಯೂಟನ್ನನ್ನು ಸ್ಪ್ರಿಂಗ್ ಒಂದೇ ಹೊರಬೇಕು. ಮೀಟರಿಗೆ 52ರಂತೆ ಅದು 8.2 ಮೀಟರ್ ಹಿಗ್ಗಬೇಕು. ಕಾಣದ ಕಾರು ನಮಗಿಂತ ಎಂಟು ಮೀಟರ್ ಮುಂದಿದೆ, ಏರಿನುದ್ದಕ್ಕೂ ಅಷ್ಟೇ ಮುಂದಿರುತ್ತದೆ. ಗಮನಿಸಬೇಕಾದದ್ದು: ಈ ಅಂಕಿಯಲ್ಲಿ kp ಇಲ್ಲ, ಕಾರಿನ ಗಾಳಿ ಎಳೆತ ಇಲ್ಲ. ಏರಿನ ಬಲವನ್ನು ki ಇಂದ ಭಾಗಿಸಿದರೆ ಮುಗಿಯಿತು. ಅನುಪಾತವನ್ನು ಎಷ್ಟೇ ಹೆಚ್ಚಿಸಿದರೂ ವೇಗದ ತಗ್ಗು ಆಳ ಕಡಿಮೆಯಾಗಿ ಅಗಲವಾಗುತ್ತದೆ, ಅದರ ಒಟ್ಟು ವಿಸ್ತಾರ ಬದಲಾಗುವುದಿಲ್ಲ. ದಿಬ್ಬ ಮುಗಿದು ರಸ್ತೆ ಸಪಾಟಾದಾಗ ಹಿಗ್ಗಿದ ಸ್ಪ್ರಿಂಗ್ ಕಾರನ್ನು ಸ್ವಲ್ಪ ಹೊತ್ತು 92ರವರೆಗೆ ಒಯ್ದು, ಕಳೆದ ಎಂಟು ಮೀಟರನ್ನೂ ವಾಪಸು ಕೊಡುತ್ತದೆ. ದಿಬ್ಬದ ನೆತ್ತಿಯಲ್ಲಿ ಕಾರು ತುಸು ಮುನ್ನುಗ್ಗಿದಂತೆ ಅನಿಸುವುದು ಇದರಿಂದ.

ಈಗ ತರಗತಿಯ ನಕ್ಷೆಗೆ ಬರಬೇಕು. ಇದೇ ನಿಯಂತ್ರಕಕ್ಕೆ 70ರಿಂದ 90ಕ್ಕೆ ಹೋಗು ಎಂದು ಒಮ್ಮೆಲೇ ಹೇಳಿದರೆ ಕಾರು 90ರಲ್ಲಿ ನಿಲ್ಲದೆ ಮೇಲಕ್ಕೆ ಹಾರುತ್ತದೆ. ವಿದ್ಯಾರ್ಥಿ ಬೆಚ್ಚಿ, ki ಹೆಚ್ಚಾಯಿತೆಂದು ಅದನ್ನು ಇಳಿಸುತ್ತಾನೆ. ಆವೃತ್ತಿಯನ್ನು 0.1ಕ್ಕೆ ತಂದರೆ ki 13 ಆಗುತ್ತದೆ, ಬಲದ ಬೇಡಿಕೆ ಸೌಮ್ಯವಾಗಿ ನಕ್ಷೆ ಸಮಾಧಾನಕರವಾಗಿ ಕಾಣುತ್ತದೆ. ಆದರೆ ಅದೇ ಕಾರು ಹುಮನಾಬಾದ್ ರಸ್ತೆಯ ಏರಿನಲ್ಲಿ ಗಂಟೆಗೆ 4.3 ಕಿಲೋಮೀಟರ್ ಕಳೆದುಕೊಳ್ಳುತ್ತದೆ, 33 ಮೀಟರ್ ಹಿಂದೆ ಬೀಳುತ್ತದೆ, ಚೇತರಿಸಿಕೊಳ್ಳಲು ದುಪ್ಪಟ್ಟು ಹೊತ್ತು ತೆಗೆದುಕೊಳ್ಳುತ್ತದೆ. ಹಿಂದೆ ಬರುವ ಲಾರಿಯವನು ಹಾರ್ನ್ ಹೊಡೆಯುತ್ತಾನೆ. ಕಾರಿನವನು ಬೇಸತ್ತು ತಾನೇ ಆಕ್ಸಿಲರೇಟರ್ ಒತ್ತುತ್ತಾನೆ.

ಗುರಿ ಬದಲಾದಾಗ ವೇಗ ಮೀರಲು ಕಾರಣವನ್ನು ಕಾಣದ ಕಾರೇ ಹೇಳುತ್ತದೆ. ಆದೇಶ ಬಂದ ಕ್ಷಣದಲ್ಲೇ ಅದು 90ರಲ್ಲಿ ಓಡತೊಡಗಿತು. ನಮ್ಮ ಕಾರು ಇನ್ನೂ 70ರಲ್ಲಿದೆ. ಐದನೇ ಗೇರಿನಲ್ಲಿ ಎಂಜಿನ್ ಕೊಡಬಲ್ಲ ಗರಿಷ್ಠ ಬಲ ಸುಮಾರು 1000 ನ್ಯೂಟನ್ ಎಂದು ಹಿಡಿದರೆ 90 ಮುಟ್ಟಲು 11 ಸೆಕೆಂಡ್ ಬೇಕು. ಅಷ್ಟರಲ್ಲಿ ಸುಮಾರು 30 ಮೀಟರ್ ಹಿಂದೆ ಬಿದ್ದಿರುತ್ತೇವೆ. ಹೊಸ ವೇಗದಲ್ಲಿ ಹೆಚ್ಚಿದ ಗಾಳಿ ಎಳೆತಕ್ಕೆ ಸ್ಪ್ರಿಂಗ್ ಹಿಗ್ಗಬೇಕಾದದ್ದು 2 ಮೀಟರಿಗೂ ಕಡಿಮೆ. ಉಳಿದ ಅಂತರವನ್ನು 90ಕ್ಕಿಂತ ಜೋರಾಗಿ ಓಡಿಯೇ ತುಂಬಬೇಕು. ಇದು ki ಹೆಚ್ಚಾದುದರ ದೋಷವಲ್ಲ, ಅಸಾಧ್ಯವಾದ ಆದೇಶ ಕೊಟ್ಟದ್ದರ ದೋಷ. ಪರಿಹಾರವೂ ಅಲ್ಲಿಯೇ ಇದೆ: ಗುರಿಯನ್ನು ಒಮ್ಮೆಲೇ ಜಿಗಿಸದೆ, ಕಾರಿನ ಕೈಲಾಗುವಷ್ಟು ನಿಧಾನವಾಗಿ, ಇಳಿಜಾರು ಹಲಗೆಯಂತೆ ಏರಿಸುವುದು. ಕಾಣದ ಕಾರು ನಮ್ಮ ಜೊತೆಜೊತೆಗೇ ವೇಗ ಹೆಚ್ಚಿಸಿಕೊಳ್ಳುತ್ತದೆ, ಅಂತರ ಬೆಳೆಯುವುದೇ ಇಲ್ಲ. ki ಅನ್ನು ಏರಿಗಾಗಿ ಕಾಯ್ದಿಟ್ಟುಕೊಳ್ಳಬಹುದು.

ಹಾಗಾದರೆ ki ಅನ್ನು ಇನ್ನೂ ಏಕೆ ಹೆಚ್ಚಿಸಬಾರದು? ಆವೃತ್ತಿ 1 ಆದರೆ ki 1300 ಆಗಿ, ಕಳೆಯುವ ದೂರ ಒಂದಡಿಯಷ್ಟಕ್ಕೆ ಇಳಿಯುತ್ತದೆ. ಕಾಗದದ ಮೇಲೆ ಸರಿ. ಆದರೆ ಆದೇಶ ಹೊರಟು ಥ್ರಾಟಲ್ ತೆರೆದು, ಗಾಳಿ ಸಿಲಿಂಡರ್ ಸೇರಿ, ಬಲ ಚಕ್ರಕ್ಕೆ ಬಂದು, ವೇಗದ ಅಳತೆ ಮತ್ತೆ ನಿಯಂತ್ರಕಕ್ಕೆ ಮುಟ್ಟಲು ಅರ್ಧ ಸೆಕೆಂಡ್ ಹಿಡಿಯಬಹುದು. ಆವೃತ್ತಿ 0.2ರ ನಿಧಾನದ ವಿನ್ಯಾಸಕ್ಕೆ ಈ ಅರ್ಧ ಸೆಕೆಂಡ್ ಲೆಕ್ಕಕ್ಕಿಲ್ಲ. ಸ್ಥಿರತೆಯ ಅಂಚಿನಿಂದ ಅದು ಕಸಿಯುವುದು ಸುಮಾರು 12 ಡಿಗ್ರಿ. ಆವೃತ್ತಿ 1ರ ಚುರುಕು ವಿನ್ಯಾಸದಿಂದ ಅದು 59 ಡಿಗ್ರಿ ಕಸಿದು, 76 ಇದ್ದಲ್ಲಿ 17 ಉಳಿಸುತ್ತದೆ. ಅಂಥ ಕಾರು ಸಪಾಟು ರಸ್ತೆಯಲ್ಲೂ ಮೂರು ಸೆಕೆಂಡಿಗೊಮ್ಮೆ ಮುಂದೆ ಹಿಂದೆ ಜೀಕುತ್ತದೆ. ಸ್ಪೀಡೋಮೀಟರಿನ ಮುಳ್ಳು ಅಲುಗದಿರಬಹುದು, ಕುಳಿತವರ ಕುತ್ತಿಗೆಗೆ ತಿಳಿಯುತ್ತದೆ. ಎಂಟು ಮೀಟರ್ ಹಿಂದೆ ಬೀಳುವುದು ಇದಕ್ಕಿಂತ ಎಷ್ಟೋ ಮೇಲು. ಏರಿನಲ್ಲಿ ಒಂದೆರಡು ಕಿಲೋಮೀಟರ್ ವೇಗ ತಗ್ಗುವುದನ್ನು ದೋಷವೆಂದು ಎಣಿಸುವವರು ಈ ಬೆಲೆಯನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ನಿಜವಾದ ಅಪಾಯ ಇರುವುದು ಬೇರೆ ಕಡೆ, ಎಂಜಿನ್ನಿನ ಮಿತಿಯಲ್ಲಿ. ಜಾತ್ರೆಗೆ ಹೊರಟ ಮನೆಮಂದಿ, ಡಿಕ್ಕಿ ತುಂಬ ಸಾಮಾನು. ಕಾರು 1600 ಕಿಲೋಗ್ರಾಂ ಆಯಿತೆನ್ನೋಣ. ಇಪ್ಪತ್ತಕ್ಕೊಂದರ ಏರು ಒಂದು ಕಿಲೋಮೀಟರಿನಷ್ಟು ಉದ್ದ ಇದೆ. ಈಗ ಬೇಕಾದ ಬಲ 1200 ನ್ಯೂಟನ್ನಿಗೂ ಹೆಚ್ಚು. ಐದನೇ ಗೇರಿನಲ್ಲಿ ಇರುವುದು 1000. ಥ್ರಾಟಲ್ ಪೂರ್ತಿ ತೆರೆದಿದ್ದರೂ ವೇಗ ಇಳಿಯುತ್ತಲೇ ಹೋಗುತ್ತದೆ, 40 ಸೆಕೆಂಡಿನಲ್ಲಿ 75ರ ಆಸುಪಾಸಿಗೆ. ಇದರಲ್ಲಿ ನಿಯಂತ್ರಕದ ತಪ್ಪೇನೂ ಇಲ್ಲ. ತಪ್ಪು ನಡೆಯುವುದು ಅದರ ನೆನಪಿನಲ್ಲಿ. ಕಾಣದ ಕಾರು ಈ ಹೊತ್ತಿಗೆ 90 ಮೀಟರ್ ಮುಂದೆ ಹೋಗಿದೆ. ಮೀಟರಿಗೆ 52ರಂತೆ ಸ್ಪ್ರಿಂಗ್ 4700 ನ್ಯೂಟನ್ ಕೇಳುತ್ತಿದೆ, ಎಂಜಿನ್ನಿನ ಬಳಿ ಇಲ್ಲದ ಬಲವನ್ನು.

ದಿಬ್ಬ ಮುಗಿಯುತ್ತದೆ. ಥ್ರಾಟಲ್ ಪೂರ್ತಿ ತೆರೆದೇ ಇದೆ. ಸುಮಾರು 12 ಸೆಕೆಂಡಿನಲ್ಲಿ ಕಾರು 90 ಮುಟ್ಟುತ್ತದೆ, ಅಷ್ಟರಲ್ಲಿ ಅಂತರ ನೂರು ಮೀಟರ್ ದಾಟಿದೆ. ವೇಗ ಸರಿಹೋಗಿದ್ದರೂ ಸ್ಪ್ರಿಂಗ್ ಎಳೆಯುವುದನ್ನು ನಿಲ್ಲಿಸುವುದಿಲ್ಲ. ಅದಕ್ಕೆ ಹಳೆಯ ಅಂತರ ತುಂಬಬೇಕು. ಥ್ರಾಟಲ್ ಇನ್ನೂ ಹದಿನೈದು ಸೆಕೆಂಡಿಗೂ ಹೆಚ್ಚು ಹೊತ್ತು ಪೂರ್ತಿ ತೆರೆದೇ ಇದ್ದು, ಕಾರು ಗುರಿಗಿಂತ ಗಂಟೆಗೆ 15 ಕಿಲೋಮೀಟರಿಗೂ ಮೇಲೆ ಹಾರುತ್ತದೆ. ದಿಬ್ಬದ ಆಚೆ ಇಳಿಜಾರಿದ್ದರೆ ಇನ್ನೂ ಹೆಚ್ಚು. ಅನುಕಲದ ಈ ಉಬ್ಬುವಿಕೆ ಎಂಜಿನ್ ಮಿತಿಯಿಲ್ಲದ ಯಾವ ಗಣಕ ಲೆಕ್ಕದಲ್ಲೂ ಕಾಣಿಸದು. ಇದ್ದರೆ ಗುರುತಿಸುವುದು ಮಾತ್ರ ಸುಲಭ: ವೇಗ ಗುರಿ ಮುಟ್ಟಿದ ಮೇಲೂ ಥ್ರಾಟಲ್ ಪೂರ್ತಿ ತೆರೆದಿದ್ದರೆ, ಒಳಗೆ ಅನುಕಲ ಉಬ್ಬಿದೆ.

ಇದನ್ನು ತಡೆಯುವ ನಿಯಮ ಒಂದೇ ಸಾಲಿನದು. ಥ್ರಾಟಲ್ ಮಿತಿ ಮುಟ್ಟಿದ್ದು, ಕೊರತೆ ಇನ್ನೂ ಅದೇ ದಿಕ್ಕಿನಲ್ಲಿದ್ದರೆ ಕೂಡಿಸುವುದನ್ನು ನಿಲ್ಲಿಸಬೇಕು. ಅಂದರೆ ಕಾಣದ ಕಾರು ಮುಂದೆ ಓಡಿಹೋಗದೆ ನಮಗಾಗಿ ತನ್ನ ವೇಗ ತಗ್ಗಿಸಬೇಕು. ಆಗ ನೆತ್ತಿ ದಾಟಿದ ಕಾರು 90ರ ಹತ್ತಿರಕ್ಕೆ ಬಂದು, ಸಾಧಾರಣ ಏರಿನ ನಂತರ ಆಗುವಷ್ಟೇ ಮೀರಿ, ನೆಲೆಗೊಳ್ಳುತ್ತದೆ. ಕಳೆದ 90 ಮೀಟರ್ ಕಳೆದೇ ಹೋಯಿತು. ಅದನ್ನು ಬಿಟ್ಟುಕೊಡುವುದೇ ಸರಿಯಾದ ವಿನ್ಯಾಸ. ಗೇರು ತಾನಾಗಿ ಬದಲಾಗುವ ಕಾರುಗಳಲ್ಲಿ ನಾಲ್ಕನೇ ಗೇರಿಗೆ ಇಳಿದು ಬಲ ಹೆಚ್ಚಿಸಿಕೊಳ್ಳುವ ದಾರಿಯೂ ಇದೆ. ಕೈಯಿಂದ ಗೇರು ಹಾಕುವ ಕಾರಿನಲ್ಲಿ ಆ ಕೆಲಸ ಓಡಿಸುವವರದೇ.

ಇಳಿಜಾರಿನಲ್ಲಿ ಇದೇ ಕಥೆ ತಿರುಗುಮುರುಗಾಗುತ್ತದೆ. ಮೂವತ್ತಕ್ಕೊಂದರ ಇಳಿಜಾರಿನಲ್ಲಿ 1300 ಕಿಲೋಗ್ರಾಂ ಕಾರಿಗೆ ಬೇಕಾದ ಬಲ ಹೆಚ್ಚುಕಡಿಮೆ ಸೊನ್ನೆ. ಇಪ್ಪತ್ತಕ್ಕೊಂದರಲ್ಲಾದರೆ 240 ನ್ಯೂಟನ್ನಿನಷ್ಟು ಹಿಂದಕ್ಕೆ ಹಿಡಿಯಬೇಕು. ಥ್ರಾಟಲ್ ಒಂದನ್ನೇ ಆಡಿಸುವ ಸಾದಾ ಕ್ರೂಸ್ ಕಂಟ್ರೋಲಿಗೆ ಎಂಜಿನ್ನಿನ ಸಹಜ ತಡೆ ಬಿಟ್ಟರೆ ಬೇರೆ ಉಪಾಯವಿಲ್ಲ. ಅದು ಸಾಲದಿದ್ದಾಗ ವೇಗ ಏರುತ್ತದೆ, ಬ್ರೇಕ್ ಮೆಟ್ಟಬೇಕು, ಮೆಟ್ಟಿದ ಕೂಡಲೇ ಕ್ರೂಸ್ ಕಳಚಿಕೊಳ್ಳುತ್ತದೆ. ಈ ತುದಿಯಲ್ಲೂ ಕೂಡಿಸುವುದನ್ನು ನಿಲ್ಲಿಸದಿದ್ದರೆ ಮುಂದಿನ ಏರಿನ ಬುಡದಲ್ಲಿ ಕಾರು ಸೊರಗುತ್ತದೆ.

ಇಷ್ಟೆಲ್ಲ ಏಕೆ, ಏರನ್ನೇ ಅಳೆದು ಮೊದಲೇ ಬಲ ಹೆಚ್ಚಿಸಬಹುದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಹೊಸ ಕಾರುಗಳಲ್ಲಿರುವ ವೇಗೋತ್ಕರ್ಷ ಮಾಪಕದಿಂದ ಏರಿನ ಅಂದಾಜು ಸಿಗುತ್ತದೆ. ವೋಲ್ವೊ, ಸ್ಕಾನಿಯಾದಂಥ ಕಂಪನಿಗಳ ಭಾರೀ ಲಾರಿಗಳಲ್ಲಿ ನಕ್ಷೆ ನೋಡಿ ಮುಂದಿನ ದಿಬ್ಬಕ್ಕೆ ಸಿದ್ಧವಾಗುವ ಕ್ರೂಸ್ ಕಂಟ್ರೋಲ್ ಕೂಡ ಇದೆ. ಡೀಸೆಲ್ ಉಳಿಸಲು ಅದು ದಿಬ್ಬಕ್ಕೆ ಮುಂಚೆ ವೇಗ ಹೆಚ್ಚಿಸಿಕೊಂಡು, ನೆತ್ತಿಯ ಬಳಿ ಬೇಕೆಂದೇ ವೇಗ ಇಳಿಯಗೊಡುತ್ತದೆ. ಆದರೆ ಅಂದಾಜು ಎಂದೂ ಪೂರ್ತಿ ಸರಿ ಇರದು. ಕಾರಿನ ತೂಕ ಎಷ್ಟು, ಎದುರುಗಾಳಿ ಎಷ್ಟು, ಟೈರಿನಲ್ಲಿ ಗಾಳಿ ಎಷ್ಟು ಎಂಬ ತಪ್ಪುಗಳೆಲ್ಲ ಉಳಿದೇ ಇರುತ್ತವೆ. 425ರ ಬದಲು 340 ಎಂದು ಊಹಿಸಿದರೆ ಉಳಿದ 85 ನ್ಯೂಟನ್ನನ್ನು ಹೊರಬೇಕಾದದ್ದು ಅದೇ ಸ್ಪ್ರಿಂಗ್. ಕಳೆಯುವ ದೂರ ಎಂಟರಿಂದ 1.6 ಮೀಟರಿಗೆ ಇಳಿಯಿತು, ಅಷ್ಟೆ. ಅನುಕಲದ ಕೆಲಸ ತಪ್ಪಲಿಲ್ಲ. ಮುಂದಿರುವ ವಾಹನವನ್ನು ನೋಡುವುದು ಮಾತ್ರ ಬೇರೆಯೇ ಸಾಧನದ ಕೆಲಸ. ಕಬ್ಬಿನ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಕಡೆಗೆ ಎರಡು ಟ್ರೇಲರ್ ಎಳೆಯುತ್ತ, ಹಿಂದೆ ದೀಪವಿಲ್ಲದೆ ಹೋಗುವ ಟ್ರ್ಯಾಕ್ಟರ್ ಸಾದಾ ಕ್ರೂಸ್ ಕಂಟ್ರೋಲಿನ ಸಮೀಕರಣದಲ್ಲಿ ಎಲ್ಲೂ ಇಲ್ಲ. ರಾತ್ರಿ ಆ ಭಾಗದಲ್ಲಿ ಅದನ್ನು ಹಾಕಿಕೊಂಡು ಓಡಿಸುವುದು ತಪ್ಪು.

ಬೀದರ್, ಕಲಬುರಗಿ ಕಡೆಯ ಕಾಲೇಜುಗಳಲ್ಲಿ ನಿಯಂತ್ರಣ ಶಾಸ್ತ್ರ ಕಲಿಸುವ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಕ್ರೂಸ್ ಕಂಟ್ರೋಲ್ ಪ್ರಯೋಗ ಕೊಡುವಾಗ ನಿಂತ ಕಾರಿಗೆ ಗುರಿ ಕೊಡುವ ಲೆಕ್ಕವನ್ನು ಪಕ್ಕಕ್ಕಿಟ್ಟು, 90ರಲ್ಲಿ ಓಡುತ್ತಿರುವ ಕಾರನ್ನು ಮೂವತ್ತಕ್ಕೊಂದರ ಏರಿಗೆ ಬಿಡಿ, ಎಂಜಿನ್ನಿಗೆ 1000 ನ್ಯೂಟನ್ ಮಿತಿ ಹಾಕಿ, ವೇಗದ ನಕ್ಷೆಯ ಕೆಳಗೇ ಥ್ರಾಟಲಿನ ನಕ್ಷೆಯನ್ನೂ ಬರೆಸಿ. ಆಮೇಲೆ ತೂಕವನ್ನು 1600ಕ್ಕೂ ಏರನ್ನು ಇಪ್ಪತ್ತಕ್ಕೊಂದಕ್ಕೂ ಬದಲಿಸಿ, ದಿಬ್ಬದ ಆಚೆ ಏನಾಗುತ್ತದೆ ಎಂದು ವಿದ್ಯಾರ್ಥಿಗಳನ್ನು ಕೇಳಿ.